ರಾಜನ ಕೆಂಪು ಅಂಗಿ ನೀಲಿ ಬೆಳಕಲ್ಲಿ ಕಪ್ಪಾಗೋದು ಯಾಕೆ?

ಕೃಷ್ಣದೇವರಾಯನ ನಾಟಕ ಆಡೋಣ ಅಂದರೆ ನಮ್ಮ ಬಳ್ಳಾರಿ ಕಡೆ ಮೊದಲು ಬರೋದು ಕೆಂಪು ಮಖಮಲ್. ರಾಜ ಅಂದಮೇಲೆ ಮೈಗೆ ಕೆಂಪು, ಅಂಚಿಗೆ ಜರಿ, ತಲೆಗೆ ಕಿರೀಟ. ದರ್ಬಾರಿನ ದೃಶ್ಯದಲ್ಲಿ ಆ ಬಟ್ಟೆ ಚೆನ್ನಾಗಿಯೇ ಹೊಳೆಯುತ್ತದೆ. ಆಮೇಲೆ 1520ರ ರಾಯಚೂರು ಯುದ್ಧದ ಹಿಂದಿನ ರಾತ್ರಿಯ ದೃಶ್ಯ ಬರುತ್ತದೆ. ಡೇರೆಯ ಮುಂದೆ ಬೆಳದಿಂಗಳು ಬೇಕು, ಹಾಗಾಗಿ ದೀಪದವರು ನೀಲಿ ಎಲ್‌ಇಡಿ ಹಾಕುತ್ತಾರೆ. ರಾಜನ ಮುಖ, ಕೈ ಮಸುಕಾಗಿ ಕಾಣುತ್ತವೆ. ಮೈ ಮಾತ್ರ ಕಪ್ಪು ಪರದೆಯಲ್ಲಿ ಕರಗಿಹೋಗುತ್ತದೆ.

ಬಟ್ಟೆಗೆ ತನ್ನದೇ ಬೆಳಕು ಇಲ್ಲ. ಬಿದ್ದ ಬೆಳಕಿನಲ್ಲಿ ಕೆಲವು ಬಣ್ಣಗಳನ್ನು ಅದು ನುಂಗುತ್ತದೆ, ಉಳಿದದ್ದನ್ನು ವಾಪಸ್ ಕಳಿಸುತ್ತದೆ. ಕೆಂಪು ಬಟ್ಟೆ ವಾಪಸ್ ಕಳಿಸೋದು ಕೆಂಪನ್ನು. ಬಿದ್ದದ್ದೇ ಬರೀ ನೀಲಿಯಾದರೆ ಕಳಿಸೋಕೆ ಏನೂ ಇರೋದಿಲ್ಲ. ಮಖಮಲ್ ಆದರೆ ಇನ್ನೂ ಕಷ್ಟ. ಅದರ ನಿಂತ ಎಳೆಗಳ ನಡುವೆ ಬೆಳಕು ಸಿಕ್ಕಿಹಾಕಿಕೊಳ್ಳುತ್ತದೆ, ಹಾಗಾಗಿ ಕಪ್ಪು ಇನ್ನಷ್ಟು ಗಾಢವಾಗುತ್ತದೆ.

ಇಲ್ಲಿ ಹಳೆಯ ಕಲಾವಿದರು ಒಂದು ಮಾತು ಕೇಳುತ್ತಾರೆ. "ನಮ್ಮ ಕಾಲದಲ್ಲೂ ನೀಲಿ ದೀಪ ಇತ್ತಲ್ರೀ, ಆಗ ಹಿಂಗ ಆಗ್ತಿರಲಿಲ್ಲ." ಅವರ ಮಾತು ನಿಜ. ಆಗ ಇದ್ದದ್ದು ಹ್ಯಾಲೋಜನ್ ದೀಪ. ಅದರ ಬಣ್ಣದ ತಾಪಮಾನ ಸುಮಾರು 3200 ಕೆಲ್ವಿನ್. ಅಂದರೆ ಅದರ ಬೆಳಕಿನಲ್ಲಿ ಕೆಂಪು ಜಾಸ್ತಿ, ನೀಲಿ ಕಡಿಮೆ. ಅದರ ಮುಂದೆ ನೀಲಿ ಜೆಲ್ ಹಾಳೆ ಇಟ್ಟರೆ ಹಾಳೆ ಕೆಂಪನ್ನು ತಡೆಯುತ್ತದೆ, ಆದರೆ ಪೂರ್ತಿ ಅಲ್ಲ. ಬಹಳಷ್ಟು ನೀಲಿ ಹಾಳೆಗಳು ಗಾಢ ಕೆಂಪನ್ನು ಸ್ವಲ್ಪ ಸೋರಲು ಬಿಡುತ್ತವೆ. ಕೆಂಪು ಅಂಗಿ ಆ ಸೋರಿದ ಬೆಳಕನ್ನು ಹಿಡಿದುಕೊಂಡು ನೇರಳೆಯಾಗಿ ಕಾಣುತ್ತಿತ್ತು. ನೀಲಿ ಎಲ್‌ಇಡಿ ಹಾಗಲ್ಲ. ಅದು ಹುಟ್ಟಿಸುವುದೇ 460 ನ್ಯಾನೊಮೀಟರ್ ತರಂಗಾಂತರದ ಸುತ್ತಲಿನ ಕಿರಿದಾದ ಪಟ್ಟಿಯನ್ನು. ಅದರಲ್ಲಿ ಕೆಂಪು ಸೋರುವ ಮಾತೇ ಇಲ್ಲ. ಪೆಟ್ಟಿಗೆಯಲ್ಲಿರುವ ವೇಷ ಅದೇ, ಬೆಳಕು ಬದಲಾಗಿದೆ ಅಷ್ಟೇ.

ಇದಕ್ಕೆ ನಮ್ಮ ಕಣ್ಣೂ ಸ್ವಲ್ಪ ಕಾರಣ. ಒಳ್ಳೆ ಬೆಳಕಿನಲ್ಲಿ ಕಣ್ಣಿಗೆ ಅತಿ ಪ್ರಕಾಶವಾಗಿ ಕಾಣೋದು 555 ನ್ಯಾನೊಮೀಟರಿನ ಹಳದಿ-ಹಸಿರು. ಬೆಳಕು ತುಂಬಾ ಕಡಿಮೆಯಾದರೆ ಈ ಜಾಗ 507ರ ಹತ್ತಿರಕ್ಕೆ, ಅಂದರೆ ನೀಲಿ ಕಡೆಗೆ ಸರಿಯುತ್ತದೆ. ಹಾಗಾಗಿ ದೀಪ ಬಿಳಿಯಾಗಿದ್ದರೂ ಮಂಕಾಗುತ್ತಾ ಹೋದಂತೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಉಳಿಯುತ್ತದೆ.

ಹಾಗಾದರೆ ರಾಜನಿಗೆ ಯಾವ ಬಣ್ಣ? ಉತ್ತರ ಚರಿತ್ರೆಯಲ್ಲೇ ಇದೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ರಾಜ ಉಟ್ಟದ್ದು ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿ ಬಟ್ಟೆ, ಕತ್ತಿನಲ್ಲಿ ವಜ್ರದ ಆಭರಣ, ತಲೆಯ ಮೇಲೆ ಜರತಾರಿ ಟೋಪಿ, ಬರಿಗಾಲು. ಕೆಂಪು ಮಖಮಲ್ ಎಲ್ಲೂ ಇಲ್ಲ!

ಬಿಳಿ ಎಲ್ಲ ಬಣ್ಣವನ್ನೂ ವಾಪಸ್ ಕಳಿಸುತ್ತದೆ. ದರ್ಬಾರಿನ ಕಿತ್ತಳೆ ಬೆಳಕಿನಲ್ಲಿ ಅದೇ ಅಂಗಿ ಹೊನ್ನಾಗುತ್ತದೆ, ಡೇರೆಯ ಮುಂದೆ ಬೆಳದಿಂಗಳಾಗುತ್ತದೆ. ಎರಡು ದೃಶ್ಯಕ್ಕೆ ಒಂದೇ ಬಟ್ಟೆ ಸಾಕು, ನಟ ಗುಂಡಿ ಸಹ ಬಿಚ್ಚಬೇಕಿಲ್ಲ.

ಆದರೆ ಅಂಗಡಿಯ ಹೊಸ ಬಿಳಿಯನ್ನು ಹಾಗೆಯೇ ರಂಗದ ಮೇಲೆ ತಂದರೆ ಎರಡು ತೊಂದರೆ. ಒಂದು, ಅದು ಮುಖಕ್ಕಿಂತ ಬಹಳ ಹೆಚ್ಚು ಬೆಳಕು ಚೆಲ್ಲುತ್ತದೆ. ನೋಡುವವರ ಕಣ್ಣು ಎದೆಗೆ ಅಂಟಿಕೊಳ್ಳುತ್ತದೆ, ಮುಖ ಕಪ್ಪಿಡುತ್ತದೆ. ಎರಡು, ಇವತ್ತಿನ ಬಿಳಿ ಬಟ್ಟೆಗೆ, ಸೋಪಿನ ಪುಡಿಗೆ ಬೆಳ್ಪು ಕೊಡುವ ರಾಸಾಯನಿಕ ಬೆರೆಸಿರುತ್ತಾರೆ. ಅದು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. ನೇರಳಾತೀತ ದೀಪವೇನಾದರೂ ಇದ್ದರೆ ರಾಯರು ಟ್ಯೂಬ್‌ಲೈಟಿನಂತೆ ಉರಿಯುತ್ತಾರೆ. ಅದಕ್ಕೇ ವೇಷದ ಕೆಲಸ ಬಲ್ಲವರು ಬಿಳಿ ಹತ್ತಿ ಬಟ್ಟೆಯನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದುತ್ತಾರೆ. ಕೈಯಲ್ಲಿ ಹಿಡಿದಾಗ ಅದು ಕೊಳೆ ಬಟ್ಟೆಯಂತೆ ಕಾಣಬಹುದು. ದೀಪದ ಕೆಳಗೆ ಅಚ್ಚ ಬಿಳಿಯಾಗಿಯೇ ಕಾಣುತ್ತದೆ. ಪಾಲಿಯೆಸ್ಟರ್ ಆದರೆ ಚಹಾ ಹಿಡಿಯೋದಿಲ್ಲ. ಕೊಳ್ಳುವಾಗಲೇ ಕೆನೆ ಬಣ್ಣದ್ದು ತರಬೇಕು.

ಇನ್ನು ಆಕಾರ. ಬಳ್ಳಾರಿಯ ರಾಘವ ಕಲಾಮಂದಿರದಂಥ ರಂಗಮಂದಿರದಲ್ಲಿ ಕೊನೆಯ ಸಾಲಿನವರಿಗೆ ಕಸೂತಿ ಕಾಣೋದಿಲ್ಲ. ಕಾಣೋದು ಹೊರಗೆರೆ ಮಾತ್ರ. ವಿಜಯನಗರದ ಆಸ್ಥಾನದ ಹೊರಗೆರೆ ಎರಡು ವಸ್ತುಗಳಿಂದ ಆಗಿತ್ತು: ಕುಲ್ಲಾಯಿ ಅನ್ನುವ ಎತ್ತರದ ಟೋಪಿ, ಕಬಾಯಿ ಅನ್ನುವ ಉದ್ದ ನಿಲುವಂಗಿ. ಲೇಪಾಕ್ಷಿಯ ಛಾವಣಿಯ ಚಿತ್ರಗಳಲ್ಲಿ ಇಂಥ ವೇಷದವರು ಸಾಲಾಗಿ ನಿಂತಿದ್ದಾರೆ. ಉದ್ದಕ್ಕೆ, ತೆಳ್ಳಗೆ ಏರುವ ಆಕಾರ ಅದು. ನಾವು ಬಯಲಾಟದ ಪೆಟ್ಟಿಗೆಯಿಂದ ಭುಜಕೀರ್ತಿ ತಂದು ಕಟ್ಟಿದ ಕೂಡಲೇ ಅದು ಅಡ್ಡಕ್ಕೆ ಅಗಲವಾಗುತ್ತದೆ. ಬಯಲಾಟದಲ್ಲಿ ಭುಜಕೀರ್ತಿಗೆ ಸಮ ಇಲ್ಲ, ಆದರೆ ಅದು ತೋರಿಸೋದು ಪುರಾಣದ ರಾಜನನ್ನು. ಸರಿ ಬಂದಿದೆಯೇ ಅಂತ ನೋಡೋಕೆ ಮುಂದಿನ ದೀಪ ಪೂರ್ತಿ ಆರಿಸಿ, ಹಿಂದಿನ ಪರದೆಗೆ ಮಾತ್ರ ಬೆಳಕು ಬಿಡಿ. ಆ ನೆರಳಿನಲ್ಲಿ ರಾಜ ಯಾರು, ಮಂತ್ರಿ ಯಾರು, ಸೈನಿಕ ಯಾರು ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಜರಿಗೆ ದುಡ್ಡು ಸುರಿದು ಪ್ರಯೋಜನ ಇಲ್ಲ. ಟೋಪಿ ನೆಟ್ಟಗೆ ನಿಂತು ಆ ಆಕಾರ ಉಳಿಯೋಕೆ ಅದರೊಳಗೆ ಗಟ್ಟಿ ಕ್ಯಾನ್ವಾಸ್ ಕೂರಿಸಿ.

ದರ್ಬಾರು ಮುಗಿದ ಕೂಡಲೇ ರಾಜ ದೇವರ ಮುಂದೆ ನಿಲ್ಲಬೇಕು ಅಂದುಕೊಳ್ಳಿ. ನಡುವೆ ಸಿಗೋದು ಅರ್ಧ ನಿಮಿಷದ ಹಾಡು. ತಿರುಮಲದಲ್ಲಿರುವ ಕೃಷ್ಣದೇವರಾಯನ ತಾಮ್ರದ ವಿಗ್ರಹ ಇಲ್ಲಿ ದಾರಿ ತೋರಿಸುತ್ತದೆ. ಅದರಲ್ಲಿ ರಾಜ ಕೈಮುಗಿದಿದ್ದಾನೆ. ತಲೆಯ ಮೇಲೆ ಅದೇ ಟೋಪಿ ಇದೆ, ಆದರೆ ಬರಿಮೈ, ಸೊಂಟಕ್ಕೆ ಧೋತರ. ಅಂದರೆ ಧೋತರವನ್ನು ಮೊದಲೇ ಉಡಿಸಿ ಮೇಲೆ ಕಬಾಯಿ ತೊಡಿಸಿದರೆ ತೆಗೆಯಬೇಕಾದ್ದು ಒಂದೇ ವಸ್ತ್ರ. ಟೋಪಿ ಮುಟ್ಟುವ ಹಾಗೇ ಇಲ್ಲ.

ಕಬಾಯಿಯ ಮುಂಭಾಗ ಪೂರ್ತಿ ತೆರೆದುಕೊಳ್ಳಬೇಕು. ಕಾಣುವ ಕಸೆಗಳು ಸುಮ್ನೆ ಅಲಂಕಾರಕ್ಕೆ, ಅವುಗಳ ಅಡಿಯಲ್ಲಿ ಟಿಚ್ ಬಟನ್. ಜೀನ್ಸ್ ಹೊಲಿಯುವ ಊರಲ್ಲಿ ಗಟ್ಟಿ ಬಟನ್‌ಗೇನು ಬರ, ಅಲ್ವಾ? ವೆಲ್ಕ್ರೊ ಬೇಡ. ಹಾಡು ನಿಂತ ಕ್ಷಣದಲ್ಲಿ ಅದರ ಪರಪರ ಸದ್ದು ಮೂರನೇ ಸಾಲಿಗೂ ಕೇಳುತ್ತದೆ. ದರ್ಬಾರಿನ ಹಾರಗಳನ್ನು ಕಬಾಯಿಗೇ ಹೊಲಿದುಬಿಟ್ಟರೆ ಅವೂ ಜೊತೆಗೇ ಬರುತ್ತವೆ. ಸಹಾಯಕರು ಇಬ್ಬರು ಬೇಕು. ಒಬ್ಬ ಮುಂದೆ ನಿಂತು ಬಟನ್ ಬಿಡಿಸುತ್ತಾನೆ, ಇನ್ನೊಬ್ಬ ಹಿಂದಿನಿಂದ ಅಂಗಿ ಎಳೆಯುತ್ತಾನೆ. ನಟ ತೋಳು ಹಿಂದಕ್ಕೆ ಚಾಚಿ ಸುಮ್ನೆ ನಿಲ್ಲಬೇಕು. ತಾನೇ ಬಿಚ್ಚೋಕೆ ಹೋದರೆ ಮೂರು ಜನರ ಕೈ ಸಿಕ್ಕಿಕೊಳ್ಳುತ್ತದೆ.

ತೊಡುವುದು ಇದಕ್ಕಿಂತ ಬಹಳ ಕಷ್ಟ. ನಮ್ಮ ಬಿಸಿಲಿನ ಊರಿನಲ್ಲಿ ಬೆವರಿದ ಮೈಗೆ ತೋಳು ಅರ್ಧಕ್ಕೇ ಅಂಟಿ ನಿಲ್ಲುತ್ತದೆ. ತೋಳಿನ ಒಳಗೆ ಜಾರುವ ನುಣುಪು ಲೈನಿಂಗ್ ಹಾಕಿದರೆ ಸ್ವಲ್ಪ ವಾಸಿ. ಆದಷ್ಟೂ ಅವಸರದ ಜಾಗದಲ್ಲಿ ಬಿಚ್ಚುವ ಬದಲಾವಣೆ ಬರುವಂತೆ, ತೊಡುವುದಕ್ಕೆ ಪುರುಸೊತ್ತು ಸಿಗುವಂತೆ ನಿರ್ದೇಶಕರ ಜೊತೆ ಮೊದಲೇ ಮಾತಾಡಿಕೊಳ್ಳಬೇಕು.

ಇದೆಲ್ಲ ನಡೆಯೋದು ರಂಗದ ಪಕ್ಕದ ಸೈಡ್ ವಿಂಗಿನಲ್ಲಿ. ಅಲ್ಲಿ ಉರಿಯೋದು ನೋಡುಗರಿಗೆ ಕಾಣದಂತೆ ಹಾಕಿದ ಚಿಕ್ಕ ನೀಲಿ ಬಲ್ಬು. ಯಾವ ಬಟನ್ ಮೊದಲು ಅನ್ನೋದಕ್ಕೆ ದರ್ಜಿ ಕೆಂಪು ದಾರದ ಗುರುತು ಹಾಕಿದ್ದರೆ ಆ ಬೆಳಕಿನಲ್ಲಿ ಅದು ಕಾಣೋದೇ ಇಲ್ಲ. ಕಬಾಯಿಯ ಒಳಮೈಗೆ ಕಡು ಬಣ್ಣದ ಲೈನಿಂಗ್ ಕೊಟ್ಟು, ಗುರುತಿಗೆ ಬಿಳಿ ದಾರ ಹಾಕಿಸಿ.