ಕಾಶಿಯ ಹೋಟೆಲ್ ವಿವರ ಹಿಂದಿಯಿಂದ ಕನ್ನಡಕ್ಕೆ: ಪೋಸ್ಟ್-ಎಡಿಟಿಂಗ್ ಟಿಪ್ಪಣಿ

ಯಂತ್ರ ಮಾಡಿಕೊಟ್ಟ ಅನುವಾದವನ್ನು ಮೂಲದ ಪಕ್ಕದಲ್ಲಿಟ್ಟು ತಿದ್ದುವ ಕೆಲಸಕ್ಕೆ ಪೋಸ್ಟ್-ಎಡಿಟಿಂಗ್ ಅನ್ನುತ್ತಾರೆ. ಅಭ್ಯಾಸಕ್ಕೆಂದು ನಾನೇ ಜೋಡಿಸಿದ ಉದಾಹರಣೆ ಇದು: ದಶಾಶ್ವಮೇಧ ಘಾಟ್ ಹತ್ತಿರದ ಒಂದು ಹೋಟೆಲ್‌ನ ಹಿಂದಿ ವಿವರ, ಓದುವವರು ಕಾಶಿಗೆ ಹೊರಟ ಕನ್ನಡಿಗರು. ಮೊದಲು ಬಾಡಿಗೆಯ ಪಟ್ಟಿ, ಆಮೇಲೆ ಮೋಸದ ಪದ, ಕೊನೆಗೆ ಧಾಟಿ. ಈ ಕ್ರಮಕ್ಕೆ ಕಾರಣ ಇದೆ. ಧಾಟಿ ಕೆಟ್ಟರೆ ಓದುಗರು ನಗುತ್ತಾರೆ, ಅಷ್ಟೇ. ಬಾಡಿಗೆ ತಪ್ಪಾದರೆ ರಿಸೆಪ್ಷನ್ ಮುಂದೆ ಜಗಳ.

ಪಟ್ಟಿಯಲ್ಲೇ ತಪ್ಪು ಜಾಸ್ತಿ. ಪಟ್ಟಿಯ ಒಂದೊಂದು ಚೌಕದಲ್ಲಿರುವ ಪದ ಬಿಡಿಬಿಡಿಯಾಗಿ ಯಂತ್ರಕ್ಕೆ ಹೋದರೆ ಅದಕ್ಕೆ ಹಿಂದುಮುಂದು ಗೊತ್ತಾಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ತಲೆಸಾಲಿನಲ್ಲಿ ‘ಪ್ರತಿ ವ್ಯಕ್ತಿ’ ಎಂದಿತ್ತು, ಕೆಳಗೆ ಇಬ್ಬರ ಶೇರಿಂಗ್ ದರ ₹1,800. ಕನ್ನಡದಲ್ಲಿ ಬಂದದ್ದು: ‘ಇಬ್ಬರ ಹಂಚಿಕೆಯ ಮೇಲೆ ₹1,800’. ಓದಿದ ಗಂಡ ಹೆಂಡತಿ ರೂಮಿಗೇ 1,800 ಅಂದುಕೊಳ್ಳುತ್ತಾರೆ, ಅಲ್ವಾ? ಹೋಟೆಲ್ ಕೇಳುವುದು ಅದರ ಎರಡರಷ್ಟು. ತಿದ್ದಿದ ಸಾಲು ಹೀಗೆ: ‘ಒಂದೇ ರೂಮಿನಲ್ಲಿ ಇಬ್ಬರು ಉಳಿದರೆ ತಲಾ ₹1,800, ರೂಮಿಗೆ ₹3,600’. ಮೂಲದಲ್ಲಿ 3,600 ಇಲ್ಲ. ಆದರೂ ಸೇರಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಕೆಲಸ ಕೊಟ್ಟವರಿಗೆ ಒಂದು ಮಾತು ಹೇಳಿ.

ಅದರ ಮುಂದೆ ‘ಕರ್ ಅತಿರಿಕ್ತ್’ ಎಂದಿದೆ. ಯಂತ್ರ ‘ಹೆಚ್ಚುವರಿ ತೆರಿಗೆ’ ಎಂದು ಬರೆದಿತ್ತು. ಇದನ್ನು ಓದಿದರೆ ಮಾಮೂಲಿ ತೆರಿಗೆಯ ಮೇಲೆ ಇನ್ನೊಂದು ತೆರಿಗೆ ಇದೆ ಅನ್ನಿಸುತ್ತದೆ. ಹೇಳಬೇಕಾದದ್ದು ಇಷ್ಟೇ: ‘ಜಿಎಸ್‌ಟಿ ಬೇರೆ’. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ ಶೇ 5 ಜಿಎಸ್‌ಟಿ. ಹಾಗಾಗಿ ಇಬ್ಬರ ಬಿಲ್ 3,600ಕ್ಕೆ 180 ಸೇರಿ ₹3,780. ಈ ಶೇಕಡಾ ಲೆಕ್ಕ ನಮ್ಮ ಪರೀಕ್ಷೆಗೆ ಮಾತ್ರ. ಮೂಲದಲ್ಲಿ ಇಲ್ಲದಿದ್ದರೆ ಅನುವಾದಕ್ಕೆ ಹಾಕಬೇಡಿ, ದರ ಬದಲಾದಾಗ ತಪ್ಪು ನಮ್ಮ ತಲೆಗೆ ಬರುತ್ತದೆ.

ಊಟದ ಪ್ಲಾನ್‌ಗಳು ಇನ್ನೊಂದು ಗುಂಡಿ. ಹೋಟೆಲ್‌ನವರು ಇಪಿ ಅಂದರೆ ಬರೀ ರೂಮು. ಸಿಪಿ ಅಂದರೆ ಬೆಳಗಿನ ತಿಂಡಿ ಸೇರಿ. ಎಂಎಪಿ ಅಂದರೆ ತಿಂಡಿ ಮತ್ತು ಒಂದು ಊಟ. ಎಪಿ ಅಂದರೆ ತಿಂಡಿ, ಎರಡೂ ಊಟ. ಯಂತ್ರ ಎಂಎಪಿಯನ್ನು ಮ್ಯಾಪ್ ಎಂದು ಓದಿ ‘ನಕ್ಷೆ ಯೋಜನೆ’ ಮಾಡಿತ್ತು. ಸಿಪಿಯನ್ನು ಕಾಂಟಿನೆಂಟಲ್ ಪ್ಲಾನ್ ಎಂದು ಬಿಡಿಸಿ ‘ಖಂಡಾಂತರ ಯೋಜನೆ’ ಮಾಡಿತ್ತು, ಸರಿಯಾಗಿ ಕ್ಷಿಪಣಿಯ ಹೆಸರು! ಅಕ್ಷರಗಳನ್ನು ಹಾಗೇ ಬಿಟ್ಟು ಪಕ್ಕದಲ್ಲಿ ‘ತಿಂಡಿ ಸೇರಿ’ ಎಂದು ಬರೆಯಿರಿ. ಎಂಎಪಿಯ ಆ ಒಂದು ಊಟ ಮಧ್ಯಾಹ್ನದ್ದೋ ರಾತ್ರಿಯದೋ ಎಂದು ಹೋಟೆಲ್‌ನವರನ್ನೇ ಕೇಳಿ. ಸಾಮಾನ್ಯವಾಗಿ ರಾತ್ರಿಯದು, ಆದರೆ ಎಲ್ಲ ಕಡೆ ಹಾಗಿರಬೇಕೆಂದಿಲ್ಲ.

ಇನ್ನು ಮೋಸದ ಪದಗಳು. ಹಿಂದಿ, ಕನ್ನಡ ಎರಡೂ ಸಂಸ್ಕೃತದಿಂದ ಪದ ತಂದುಕೊಂಡಿವೆ, ಆದರೆ ಬಳಕೆಯಲ್ಲಿ ಅರ್ಥ ಬೇರೆಬೇರೆ ಕಡೆ ಸರಿದಿದೆ. ರೂಪ ಒಂದೇ ಆದ್ದರಿಂದ ಕಣ್ಣಿಗೆ ತಪ್ಪೆಂದೇ ಕಾಣುವುದಿಲ್ಲ. ‘ಗ್ರೀಷ್ಮ ಅವಕಾಶದಲ್ಲಿ ರಿಯಾಯಿತಿ’ ಎಂದು ಬಂದಿದೆ. ಹಿಂದಿಯ ಅವಕಾಶ್ ರಜೆ, ಹಾಗಾಗಿ ‘ಬೇಸಿಗೆ ರಜೆಯಲ್ಲಿ’. ‘ಆಗಮನದ ಅನುಮಾನದ ಸಮಯ’ ಅಲ್ಲ, ‘ನೀವು ಬರುವ ಅಂದಾಜು ಸಮಯ’. ‘ಮುಂಗಡ ರಾಶಿ ವಾಪಸ್ ಇಲ್ಲ’ ಎಂಬಲ್ಲಿ ರಾಶಿ ಅಂದರೆ ಹಣ. ‘ಮುಂಗಡ ಹಣ ವಾಪಸ್ ಕೊಡುವುದಿಲ್ಲ’ ಅಂದರೆ ಮುಗಿಯಿತು. ಎಲ್ಲಕ್ಕಿಂತ ಕೆಟ್ಟದ್ದು ‘ಗುರುತಿನ ಚೀಟಿ ತೋರಿಸಲು ಅತಿಥಿಗಳಿಗೆ ಆಗ್ರಹ’. ಹಿಂದಿಯಲ್ಲಿ ಅದು ವಿನಂತಿ. ನಮ್ಮಲ್ಲಿ ಆಗ್ರಹ ಮಾಡುವವರು ಧರಣಿ ಕೂತವರು.

ಅನುಮಾನ ಬಂದರೆ ಒಂದು ಉಪಾಯ: ಮೂಲದಲ್ಲೂ ಅನುವಾದದಲ್ಲೂ ಒಂದೇ ಥರ ಇರುವ ಸಂಸ್ಕೃತ ಪದಗಳಿಗೆಲ್ಲ ಬಣ್ಣ ಹಚ್ಚಿ, ಒಂದೊಂದನ್ನೇ ನೋಡಿ. ಎಲ್ಲವೂ ತಪ್ಪಿರುವುದಿಲ್ಲ. ಭೋಜನ, ಸ್ನಾನ, ದರ್ಶನ ಸುಮ್ನೆ ದಾಟಿಹೋಗುತ್ತವೆ.

ಧಾಟಿಯಲ್ಲಿ ಎರಡು ತೊಂದರೆ. ಒಂದು, ‘ಬುಕ್ ಮಾಡು’, ‘ಸಂಪರ್ಕಿಸಿ’ ಎರಡೂ ಒಂದೇ ಪುಟದಲ್ಲಿ ಬಂದಿವೆ. ಎಲ್ಲ ಕಡೆ ಬಹುವಚನ ಮಾಡಿ. ಬಟನ್ ಮೇಲಿನ ಪದಗಳನ್ನು ಮರೆಯಬೇಡಿ, ಅವು ಬೇರೆ ಕಡತದಲ್ಲಿರುತ್ತವೆ. ಎರಡು, ಹೊಗಳಿಕೆ. ಸ್ವರ್ಗದಂಥ ವಸತಿ ಎನ್ನುವುದು ಕನ್ನಡದಲ್ಲಿ ‘ಸ್ವರ್ಗವಾಸದ ಅನುಭವ’ ಆಗಿತ್ತು. ಕಾಶಿಗೆ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದನ್ನು ತೋರಿಸಲಾದೀತೇ? ‘ಘಾಟ್ ಹತ್ತಿರ, ನೆಮ್ಮದಿಯ ವಾಸ’ ಎಂದರೆ ಸಾಕು.

ಕೊನೆಗೆ ಮೂಲವನ್ನು ಮುಚ್ಚಿಟ್ಟು, ಕನ್ನಡವನ್ನಷ್ಟೇ ಓದಿ ಇಬ್ಬರಿಗೆ ಎರಡು ರಾತ್ರಿಯ ಬಿಲ್ ಬರೆಯಿರಿ. ಶೇ 5 ಜಿಎಸ್‌ಟಿ ಸೇರಿ ₹7,560 ಬರಬೇಕು. ಬೇರೆ ಅಂಕಿ ಬಂದರೆ ಪಟ್ಟಿಗೆ ವಾಪಸ್ ಹೋಗಿ.