ಮೂರು ಆಡಿನ ಲೆಕ್ಕ: ಮರಿ ಯಾವ ತಿಂಗಳು ಹುಟ್ಟಬೇಕು?

ಪಶು ಸಖಿ ತರಬೇತಿಗೆ ನನ್ನ ಜೊತೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಹೊಲ ಇಲ್ಲದ ಮನೆಯವರು ನಮ್ಮನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಆಡು ಸಾಕೋಣವೋ, ಕೋಳಿಯೋ, ಮೀನೋ? ಮೀನಿಗೆ ನೀರು ನಿಲ್ಲುವ ಕೆರೆ ಅಥವಾ ಹೊಂಡ ಕೈಯಲ್ಲಿರಬೇಕು. ಬ್ರಾಯ್ಲರ್ ಕೋಳಿಗೆ ಶೆಡ್ಡು ಬೇಕು, ದಿನಾ ದುಡ್ಡು ಕೊಟ್ಟು ಕಾಳು ತರಬೇಕು. ನಾಲ್ಕು ಜವಾರಿ ಕೋಳಿ ಅಂಗಳದಲ್ಲಿ ಹೇಗೂ ಇರುತ್ತವೆ, ಇರಲಿ. ಆದರೆ ಕಲಬುರಗಿ, ಬೀದರ್ ಕಡೆ ಕೈಯಲ್ಲಿ ಕಡಿಮೆ ದುಡ್ಡಿರುವ ಮನೆಗೆ ಆಡೇ ಸರಿ ಅಂತ ನನ್ನ ಅಭಿಪ್ರಾಯ. ಕಾರಣ ತೊಗರಿ. ಅದರ ಉದುರಿದ ಎಲೆ, ಹೊಟ್ಟು, ದಾಲ್ ಮಿಲ್ಲಿನ ಚುನ್ನಿ, ಮೂರನ್ನೂ ಆಡು ಇಷ್ಟಪಟ್ಟು ತಿನ್ನುತ್ತದೆ.

ಆದರೆ ಆಡು ತಂದವರಲ್ಲಿ ಬಹಳ ಮಂದಿ ಕೈ ಸುಟ್ಟುಕೊಳ್ಳುವುದು ಆಡು ಸತ್ತು ಅಲ್ಲ, ಮರಿ ಸತ್ತು. ಅದಕ್ಕೇ ಈ ಟಿಪ್ಪಣಿಯಲ್ಲಿ ಮರಿಯ ವಿಷಯ ಮಾತ್ರ ಬರೆಯುತ್ತೇನೆ. ಉದಾಹರಣೆಗೆ ನಮ್ಮ ಸಣ್ಣವ್ವನ ಮನೆ. ಸೇಡಂ ತಾಲ್ಲೂಕಿನ ಹಳ್ಳಿ, ಕೂಲಿ ಜೀವನ, ಸ್ವಂತ ಹೊಲ ಇಲ್ಲ.

ಮೊದಲ ವರ್ಷ ಆದದ್ದು

ಸಣ್ಣವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಮೇ ತಿಂಗಳಲ್ಲಿ ಮೂರು ಗಬ್ಬದ ಆಡು ಕೊಂಡಳು. ಒಂದಕ್ಕೆ 9,000 ರೂಪಾಯಿಯಂತೆ ಒಟ್ಟು 27,000. ಮೂರೂ ಉಸ್ಮಾನಾಬಾದಿ ತಳಿ. ಪಕ್ಕದ ಮಹಾರಾಷ್ಟ್ರದ, ಈಗ ಧಾರಾಶಿವ ಅಂತ ಹೆಸರಾದ ಉಸ್ಮಾನಾಬಾದ್ ಕಡೆಯ ತಳಿ ಅದು, ಹೆಚ್ಚಾಗಿ ಕರಿ ಬಣ್ಣ. ನಮ್ಮ ಬಿಸಿಲು ತಡೆಯುತ್ತದೆ, ಅವಳಿ ಮರಿ ಹಾಕುವುದು ಸಾಮಾನ್ಯ.

ಆರಿಸಿದ್ದು ಚೆನ್ನಾಗಿಯೇ ಇತ್ತು. ಸಂತೆಗೆ ಹೋಗದೆ ಪಕ್ಕದ ಊರಿನ ಒಂದೇ ಮನೆಯಲ್ಲಿ ಕೊಂಡಿದ್ದಳು. ಸಂತೆಯಲ್ಲಿ ಹತ್ತು ಊರಿನ ಆಡು ಒಟ್ಟಿಗೆ ನಿಂತಿರುತ್ತವೆ, ರೋಗವೂ ಜೊತೆಗೇ ಬರುತ್ತದೆ. ಬಾಯಿ ತೆರೆದು ಹಲ್ಲು ನೋಡಿದ್ದಳು: ಕೆಳಗಿನ ಮುಂದಿನ ಸಾಲಿನಲ್ಲಿ ನಾಲ್ಕು ದೊಡ್ಡ ಹಲ್ಲು ಬಂದಿದ್ದವು. ಅಂದರೆ ಸುಮಾರು ಎರಡು ವರ್ಷದ ಆಡು, ಒಂದು ಸಲ ಈದದ್ದು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಾಗ ಒಳಗೆ ಕೆಂಪಗಿತ್ತು. ಅಲ್ಲಿ ಬಿಳುಚಿಕೊಂಡಿದ್ದರೆ ಹೊಟ್ಟೆಯ ಹುಳು ರಕ್ತ ಹೀರುತ್ತಿದೆ ಅಂತ ತಿಳಿಯಬೇಕು.

ಆದರೂ ಆಗಸ್ಟಿನಲ್ಲಿ ಹುಟ್ಟಿದ ಐದು ಮರಿಯಲ್ಲಿ ಮೂರು ಸತ್ತವು. ಒಂದು ಮೂರನೇ ದಿನಕ್ಕೆ ಹೋಯಿತು. ಇನ್ನೆರಡು ಒಂದು ತಿಂಗಳಾದ ಮೇಲೆ ರಕ್ತ ಬೆರೆತ ಭೇದಿಯಾಗಿ ಹೋದವು. ಆಡಿನಲ್ಲಿ ದೋಷ ಇರಲಿಲ್ಲ. ಮರಿ ಹುಟ್ಟಿದ ತಿಂಗಳು ತಪ್ಪಾಗಿತ್ತು, ಮೊದಲ ದಿನದ ಆರೈಕೆ ತಪ್ಪಾಗಿತ್ತು.

ತಿಂಗಳು ಯಾಕೆ ಮುಖ್ಯ

ಆಡಿನ ಗಬ್ಬ ಸುಮಾರು 150 ದಿನ, ಅಂದರೆ ಐದು ತಿಂಗಳು. ಹಾಗಾಗಿ ಮರಿ ಹುಟ್ಟುವ ತಿಂಗಳು ಬೇಕಾದರೆ ಹೋತ ಬಿಡುವ ತಿಂಗಳು ಹಿಂದೆ ಎಣಿಸಬೇಕು, ಅಷ್ಟೇ.

ಆಗಸ್ಟಿನಲ್ಲಿ ನಮ್ಮ ಎರಿ ಮಣ್ಣಿನ ಅಂಗಳ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಕಾಲಿಟ್ಟರೆ ಚಪ್ಪಲಿ ಬಿಟ್ಟು ಬರುತ್ತದೆ. ಆ ತೇವದಲ್ಲಿ ಹಿಕ್ಕೆ ಒಣಗುವುದಿಲ್ಲ. ಆಡಿನ ಹಿಕ್ಕೆಯಲ್ಲಿ ಬರುವ ಕಾಕ್ಸಿಡಿಯಾ ಅನ್ನುವ ಸೂಕ್ಷ್ಮ ಜೀವಿಗೆ ತೇವ ಸಿಕ್ಕರೆ ಸಾಕು, ರೋಗ ಹತ್ತಿಸುವ ಹಾಗೆ ಬಲಿಯುತ್ತದೆ. ದೊಡ್ಡ ಆಡಿಗೆ ಅದರಿಂದ ಅಷ್ಟೇನೂ ಆಗುವುದಿಲ್ಲ. ಮೂರು ವಾರದಿಂದ ಮೂರು ತಿಂಗಳ ಮರಿ ನೆಲ ನೆಕ್ಕುತ್ತಾ, ಹುಲ್ಲು ಕಚ್ಚುತ್ತಾ ಅದನ್ನು ನುಂಗಿಬಿಡುತ್ತದೆ. ಸಣ್ಣವ್ವನ ಎರಡು ಮರಿಯ ಲಕ್ಷಣ ಪೂರ್ತಿ ಅದರದ್ದೇ: ಬಾಲದ ಕೆಳಗೆ ಮೆತ್ತಿದ ಹೊಲಸು, ಹಿಕ್ಕೆ ಗುಂಡಗಿರದೆ ತೆಳ್ಳಗೆ, ಆಮೇಲೆ ರಕ್ತ. ಬಾಲ ಹೊಲಸಾದ ದಿನವೇ ಪಶು ಆಸ್ಪತ್ರೆಗೆ ಒಯ್ದಿದ್ದರೆ ಔಷಧ ಇತ್ತು. ರಕ್ತ ಕಂಡ ಮೇಲೆ ಒಯ್ದದ್ದು ತಡವಾಯಿತು.

ನವೆಂಬರಿನ ಲೆಕ್ಕವೇ ಬೇರೆ. ಮಳೆ ನಿಂತಿರುತ್ತದೆ, ನೆಲ ಒಣಗಿರುತ್ತದೆ. ಮರಿ ಮೂರು ನಾಲ್ಕು ವಾರಕ್ಕೆ ಸೊಪ್ಪು ಕಚ್ಚಲು ಶುರು ಮಾಡುವ ಹೊತ್ತಿಗೆ ಡಿಸೆಂಬರ್ ಬಂದಿರುತ್ತದೆ, ತೊಗರಿ ರಾಶಿ ಶುರುವಾಗುತ್ತದೆ. ರಾಶಿಗೆ ಕೂಲಿ ಹೋದವರು ಹೊಟ್ಟು, ಉದುರಿದ ಎಲೆ ಮೂಟೆ ಕಟ್ಟಿ ತರಬಹುದು. ಜನವರಿಯಿಂದ ಹೊಲ ಖಾಲಿ, ಮೇಯಿಸಲು ಯಾರೂ ಬೇಡ ಅನ್ನುವುದಿಲ್ಲ. ಮರಿಗೆ ಹೊಟ್ಟೆ ದೊಡ್ಡದಾಗುವ ಹೊತ್ತಿಗೇ ಊರಲ್ಲಿ ಮೇವು ಜಾಸ್ತಿ. ಚಳಿ ಇರುತ್ತದೆ ನಿಜ. ಅದಕ್ಕೆ ತೊಗರಿ ಕಟ್ಟಿಗೆಯ ತಡಿಕೆ ಕಟ್ಟಿ ಗಾಳಿ ತಡೆದರೆ ಆಯಿತು.

ಹಾಗಾಗಿ ಎರಡನೇ ಸಲ ಸಣ್ಣವ್ವ ಜೂನ್ ಮೊದಲ ವಾರ ಹೋತ ತೋರಿಸಿದಳು. ಅಲ್ಲಿಯವರೆಗೆ ತಡೆದದ್ದು ಹೇಗೆ? ಆಡು ಸುಮಾರು 20 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬಾಲ ಅಲ್ಲಾಡಿಸುತ್ತಲೇ ಇರುತ್ತದೆ, ಸುಮ್ನೆ ಕೂಗುತ್ತದೆ, ಮೇವು ಬಿಡುತ್ತದೆ. ಆ ಎರಡು ದಿನ ಅದನ್ನು ಮೇಯಲು ಬಿಡದೆ ಮನೆಯಲ್ಲೇ ಕಟ್ಟಿದಳು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರಿಂದ ಮುಂದಿನ ಬೆದೆ ಯಾವಾಗ ಅಂತ ಮೊದಲೇ ಗೊತ್ತಿತ್ತು. ಎರಡು ವರ್ಷಕ್ಕೆ ಮೂರು ಸಲ ಈಯಿಸಬಹುದು ಅಂತ ಪುಸ್ತಕದಲ್ಲಿ ಇದೆ, ಅದೂ ನಿಜ. ಆದರೆ ಒಳ್ಳೆ ಕೊಟ್ಟಿಗೆ ಇಲ್ಲದ ಮೊದಲ ವರ್ಷಗಳಲ್ಲಿ ವರ್ಷಕ್ಕೆ ಒಂದು ಸಲ, ಸರಿಯಾದ ತಿಂಗಳಲ್ಲಿ ಈಯುವುದೇ ವಾಸಿ ಅಂತ ನಾನು ಹೇಳುತ್ತೇನೆ.

ಮೂರೇ ಯಾಕೆ, ಹತ್ತು ಯಾಕಲ್ಲ

ಸಾಲ ಸಿಕ್ಕಿತು ಅಂತ ಹತ್ತು ಆಡು ಕೊಳ್ಳಬಾರದು. ಜುಲೈಯಿಂದ ಡಿಸೆಂಬರ್ ತನಕ ಊರಿನ ಹೊಲವೆಲ್ಲ ತೊಗರಿ, ಹತ್ತಿ. ಒಂದು ಆಡು ನುಗ್ಗಿದರೂ ಜಗಳ. ಹೊಲ ಇಲ್ಲದವರಿಗೆ ಆ ಆರು ತಿಂಗಳು ಬದು, ಹಳ್ಳದ ದಂಡೆ, ರಸ್ತೆ ಬದಿಯ ಜಾಲಿ, ಬೇವು, ಬಾರಿ ಗಿಡದ ತಪ್ಪಲೇ ಗತಿ. ಕೂಲಿ ಮುಗಿಸಿ ಬರುವಾಗ ಒಬ್ಬ ಹೆಂಗಸು ತಲೆ ಮೇಲೆ ಹೊತ್ತು ತರುವ ತಪ್ಪಲು ಮೂರು ನಾಲ್ಕು ಆಡಿಗೆ ಸಾಕಾಗುತ್ತದೆ, ಅದಕ್ಕಿಂತ ಜಾಸ್ತಿಗೆ ಆಗುವುದಿಲ್ಲ. ಆಡಿನ ಸಂಖ್ಯೆ ನಿಂತಿರುವುದು ಈ ಹೊರೆಯ ಮೇಲೆ.

ಮೊದಲ ಗಂಟೆ, ಗಿಣ್ಣು ಹಾಲು

ಮೂರನೇ ದಿನ ಸತ್ತ ಆ ಮರಿಯ ವಿಷಯ ಕೇಳಿದಾಗ ಸಣ್ಣವ್ವ ಹೇಳಿದ್ದು: "ಗಿಣ್ಣ ಭಾಳ ಗಟ್ಟಿ ಇರ್ತದವ್ವಾ, ಸಣ್ಣ ಮರಿಗಿ ಜುಲಾಬ್ ಹತ್ತತದ. ಅದಕ್ಕ ಹಿಂಡಿ ಚೆಲ್ಲಿದೆ." ಈ ಮಾತು ನೀವು ಪ್ರತಿ ಊರಲ್ಲೂ ಕೇಳುತ್ತೀರಿ. ಬೈಯಬೇಡಿ, ಕಾರಣ ಬಿಡಿಸಿ ಹೇಳಿ.

ಗಬ್ಬದಲ್ಲಿರುವಾಗ ತಾಯಿಯ ರೋಗ ತಡೆಯುವ ಶಕ್ತಿ ಮರಿಗೆ ಹೋಗುವುದಿಲ್ಲ. ಅದು ಹೋಗುವುದು ಗಿಣ್ಣಿನಲ್ಲಿ ಮಾತ್ರ. ಮರಿಯ ಕರುಳು ಅದನ್ನು ಹಾಗೇ ರಕ್ತಕ್ಕೆ ಬಿಟ್ಟುಕೊಳ್ಳುವುದು ಮೊದಲ ಒಂದು ದಿನ ಮಾತ್ರ, ಅದರಲ್ಲೂ ಮೊದಲ ಆರು ಗಂಟೆ ಚೆನ್ನಾಗಿ. ಆಮೇಲೆ ಎಷ್ಟು ಕುಡಿಸಿದರೂ ಅದು ಹೊಟ್ಟೆ ತುಂಬಿಸುವ ಹಾಲು ಅಷ್ಟೇ. ಹಾಗಾಗಿ ಹುಟ್ಟಿದ ಒಂದು ಗಂಟೆಯೊಳಗೆ ಮರಿ ಮೊಲೆ ಹಿಡಿಯಬೇಕು. ತೂಕದ ಹತ್ತರಲ್ಲಿ ಒಂದು ಪಾಲು ಮೊದಲ ದಿನದಲ್ಲಿ ಹೋಗಬೇಕು. ಎರಡೂವರೆ ಕಿಲೋ ಮರಿಗೆ ಕಾಲು ಲೀಟರ್.

ಎರಡನೇ ಸಲ ನಾನು ಅಲ್ಲೇ ಇದ್ದೆ. ರಾತ್ರಿ ಅವಳಿ ಮರಿ ಹುಟ್ಟಿದವು. ದೊಡ್ಡದು ತಾನೇ ಎದ್ದು ಕುಡಿಯಿತು. ಸಣ್ಣದು ನಡುಗುತ್ತಾ ಕೂತಿತ್ತು, ಮೊಲೆಗೆ ಹಚ್ಚಿದರೆ ಅಣ್ಣ ತಳ್ಳುತ್ತಿದ್ದ. ಬಾಯಲ್ಲಿ ಬೆರಳಿಟ್ಟು ನೋಡಿದೆ, ಒಳಗೆ ತಣ್ಣಗಿತ್ತು. ಬಾಯಿ ತಣ್ಣಗಿದ್ದರೆ ಮರಿ ಚಳಿ ಹಿಡಿದಿದೆ ಅಂತ ಅರ್ಥ, ಆಗ ಕುಡಿಸಲು ಹೋಗಬಾರದು, ಮೊದಲು ಬೆಚ್ಚಗೆ ಮಾಡಬೇಕು. ಗೋಣಿಚೀಲದಲ್ಲಿ ಒರೆಸಿ, ಒಲೆಯ ಹತ್ತಿರ ಸಣ್ಣವ್ವನ ಮಡಿಲಲ್ಲಿ ಇಟ್ಟೆವು. ಬಾಯಿ ಬೆಚ್ಚಗಾಗಿ ಬೆರಳು ಚೀಪಲು ಶುರು ಮಾಡಿದ ಮೇಲೆ ಮೊಲೆಯ ತುದಿಯ ಗಟ್ಟಿ ಹಾಲಿನ ಬಿರಡೆ ಹಿಂಡಿ ತೆಗೆದು ಬಾಯಿಗೆ ಇಟ್ಟೆವು. ಕುಡಿಯಿತು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿದೆವು, ಇಲ್ಲದಿದ್ದರೆ ಅಲ್ಲಿಂದ ಸೋಂಕು ಒಳಗೆ ಹೋಗಿ ಕೀಲು ಬಾತು ಕುಂಟುತ್ತವೆ.

ಗಿಣ್ಣಿನಲ್ಲಿ ಶಕ್ತಿ ಇರಬೇಕಾದರೆ ಮೊದಲು ತಾಯಿಯಲ್ಲಿ ಇರಬೇಕು. ಈಯುವ ಒಂದು ತಿಂಗಳ ಮೊದಲು ತಾಯಿಗೆ ಕರುಳುಬೇನೆಯ ಲಸಿಕೆ, ಅಂದರೆ ಇ.ಟಿ. ಲಸಿಕೆ, ಹಾಕಿಸಿದ್ದೆವು. ಮರಿಗೆ ಮೂರು ತಿಂಗಳು ದಾಟಿದ ಮೇಲೆ ಅದೇ ಲಸಿಕೆ, ಎರಡು ವಾರ ಬಿಟ್ಟು ಮತ್ತೊಂದು ಸಲ. ಆಡಿನ ಪ್ಲೇಗ್ ಅನ್ನುವ ಪಿಪಿಆರ್ ರೋಗದ ಲಸಿಕೆಯೂ ಆ ವಯಸ್ಸಿನ ನಂತರವೇ, ಅದು ಒಂದು ಸಲ ಹಾಕಿದರೆ ಮೂರು ವರ್ಷ ಕಾಯುತ್ತದೆ.

ಎರಡನೇ ವರ್ಷದ ಲೆಕ್ಕ

ನವೆಂಬರಿನಲ್ಲಿ ಆರು ಮರಿ ಹುಟ್ಟಿ ಐದು ಉಳಿದವು. ಕೊಟ್ಟಿಗೆಗೆ ಖರ್ಚು ಮಾಡಿದ್ದು ಒಂದು ಟ್ರ್ಯಾಲಿ ಮೊರಂ ಮಾತ್ರ. ಅದನ್ನು ಅರ್ಧ ಅಡಿ ಏರಿಸಿ, ನೀರು ಹೊರಗೆ ಹರಿಯುವಂತೆ ಬಡಿದಿದ್ದರು. ಕೂಲಿಯ ಹತ್ತು ದಿನದ ದುಡ್ಡು ಅದಕ್ಕೆ ಹೋಯಿತು. ಅದು ಹಲವು ವರ್ಷ ಬರುವುದರಿಂದ ಕೆಳಗಿನ ಲೆಕ್ಕದಲ್ಲಿ ಸೇರಿಸಿಲ್ಲ.

ಅರ್ಧ ತೊಗರಿ ಚುನ್ನಿ, ಅರ್ಧ ಒಡೆದ ಜೋಳ ಕಲಸಿ ಒಂದೊಂದು ತಾಯಿಗೆ ದಿನಕ್ಕೆ 200 ಗ್ರಾಂ, 75 ದಿನ. ಇದು 45 ಕಿಲೋ. ಹಾಲು ಬಿಟ್ಟ ಐದು ಮರಿಗೆ ತಲಾ 100 ಗ್ರಾಂ, 120 ದಿನ. ಇದು 60 ಕಿಲೋ. ಕಿಲೋಗೆ 25 ರೂಪಾಯಿ ಹಿಡಿದರೆ 105 ಕಿಲೋಗೆ 2,625. ಕೊಂಡ ಹೊಟ್ಟು 1,000, ಔಷಧ, ಉಪ್ಪು 500. ಒಟ್ಟು 4,125. ಕಾಳು ಮಾತ್ರ ಒಮ್ಮೆಲೇ ಜಾಸ್ತಿ ಹಾಕಬೇಡಿ. ಒಂದು ಹಿಡಿಯಿಂದ ಶುರು ಮಾಡಿ ವಾರದಲ್ಲಿ ಏರಿಸಿ, ಇಲ್ಲದಿದ್ದರೆ ಹೊಟ್ಟೆ ಹುಳಿಯಾಗಿ ಆಡು ಮಲಗಿಬಿಡುತ್ತದೆ.

ಒಂಬತ್ತು ತಿಂಗಳಾದ ಮೇಲೆ ನಾಲ್ಕು ಮರಿ ಮಾರಿದಳು, ಒಂದಕ್ಕೆ 6,500ರಂತೆ 26,000. ಖರ್ಚು ಕಳೆದರೆ 21,875. ಇದರಲ್ಲಿ ಅವಳು ದಿನಾ ತಪ್ಪಲು ತಂದ ದುಡಿಮೆಗೆ ಬೆಲೆ ಹಾಕಿಲ್ಲ, ಸಂಘದ ಬಡ್ಡಿಯೂ ಬೇರೆ. ಮೊದಲ ವರ್ಷದಂತೆ ಮೂರು ಮರಿ ಸತ್ತಿದ್ದರೆ? ಉಳಿದ ಮೂರರಲ್ಲಿ ಒಂದನ್ನು ಸಾಕಲು ಇಟ್ಟುಕೊಂಡರೆ ಮಾರಲು ಎರಡೇ ಇರುತ್ತಿದ್ದವು, 13,000 ಬರುತ್ತಿತ್ತು. ತಾಯಿಗಳ ಖರ್ಚು ಹಾಗೇ ಇರುತ್ತಿತ್ತು. ಸಾಲದ ಕಂತು ಕಟ್ಟಲು ಮತ್ತೆ ಕೂಲಿ ದುಡ್ಡೇ ಹಾಕಬೇಕಿತ್ತು.

ಮಾರುವಾಗ ಕಣ್ಣಳತೆಗೆ ಕೊಡಬೇಡಿ. ತೂಗು ತಕ್ಕಡಿಗೆ ಚೀಲ ಕಟ್ಟಿ ತೂಗಿ, ಆಮೇಲೆ ದರ ಮಾತಾಡಿ. ಸಣ್ಣವ್ವನ ಮರಿಗಳಲ್ಲಿ ಒಂದಕ್ಕೆ ವ್ಯಾಪಾರಿ ಹದಿನೈದು ಕಿಲೋ ಅಂದ, ತೂಗಿದರೆ ಹದಿನೆಂಟೂವರೆ ಇತ್ತು. ಬಕ್ರೀದ್‌ಗೆ ಅಂತ ಹೋತಮರಿ ಇಟ್ಟುಕೊಳ್ಳುವವರು ಒಂದು ವಿಷಯ ತಿಳಿದಿರಬೇಕು: ಆಡಿಗೆ ಪೂರ್ತಿ ಒಂದು ವರ್ಷ ಆಗಿರಬೇಕು. ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮೊದಲೇ ಬರುತ್ತದೆ, 2025ರಲ್ಲಿ ಜೂನ್ 7ಕ್ಕೆ ಬಂದಿತ್ತು. ನವೆಂಬರಿನಲ್ಲಿ ಹುಟ್ಟಿದ ಮರಿ ಆ ಹಬ್ಬಕ್ಕೆ ವಯಸ್ಸು ಮುಟ್ಟುವುದಿಲ್ಲ, ಮುಂದಿನ ವರ್ಷದ ತನಕ ಸಾಕಬೇಕು. ಅಷ್ಟು ದಿನದ ಮೇವು ಮನೆಯಲ್ಲಿದ್ದರೆ ಮಾತ್ರ ಒಂದನ್ನು ಇಟ್ಟುಕೊಳ್ಳಿ.

ಉಳಿದ ಐದನೆಯದು ಹೆಣ್ಣುಮರಿ, ಆ ರಾತ್ರಿ ಮಡಿಲಲ್ಲಿ ಬೆಚ್ಚಗಾದದ್ದೇ. ಅದನ್ನು ಮಾರಲಿಲ್ಲ. ಈಗ ತೂಕ 17 ಕಿಲೋ. 20 ಕಿಲೋ ದಾಟದೆ ಹೋತ ತೋರಿಸುವುದಿಲ್ಲ, ತೋರಿಸಿದರೂ ಅದರ ಅಪ್ಪನನ್ನಲ್ಲ. ಅದಕ್ಕೆ ಮುಂದಿನ ಜೂನ್ ಮೊದಲ ವಾರ ಪಕ್ಕದ ಊರಿನ ಬೇರೆ ಹೋತ ಅಂತ ಸಣ್ಣವ್ವ ಈಗಲೇ ಮಾತಾಡಿಟ್ಟಿದ್ದಾಳೆ.