ಪರ್ಸಿನ ಮೇಲಿನ ಅಚ್ಚು ಮತ್ತು ಫೋಟೋ ಮಾಡುವ ಮೋಸ

ದುಬಾರಿ ಪರ್ಸು ಅಸಲಿಯೋ ನಕಲಿಯೋ ಎಂದು ಕೇಳುವವರು ಸಾಮಾನ್ಯವಾಗಿ ಒಂದೇ ಫೋಟೋ ಕಳಿಸುತ್ತಾರೆ: ಒಳಗಿನ ಚರ್ಮದ ಮೇಲೆ ಒತ್ತಿರುವ ಕಂಪನಿಯ ಹೆಸರು, ತೀರ ಹತ್ತಿರದಿಂದ. "ಅಚ್ಚು ಎಷ್ಟು ಆಳವಾಗಿದೆ ನೋಡಿ" ಎಂಬ ಮಾತೂ ಜೊತೆಗಿರುತ್ತದೆ. ಎಡವಟ್ಟಾಗುವುದು ಅಲ್ಲೇ. ಫೋಟೋದಲ್ಲಿ ಆಳ ಕಾಣುವುದಿಲ್ಲ, ನೆರಳು ಕಾಣುತ್ತದೆ.

ಹಿತ್ತಾಳೆಯಂಥ ಲೋಹದಲ್ಲಿ ಅಕ್ಷರಗಳನ್ನು ಕೊರೆದ ಡೈಯನ್ನು ಕಾಯಿಸಿ, ಚರ್ಮದ ಮೇಲೆ ತುಸು ಹೊತ್ತು ಒತ್ತಿಹಿಡಿದರೆ ಅಚ್ಚು ಬೀಳುತ್ತದೆ. ಬಿಸಿ ಎಷ್ಟಿತ್ತು, ಒತ್ತಡ ಎಷ್ಟಿತ್ತು, ಎಷ್ಟು ಹೊತ್ತು ಹಿಡಿದರು ಎಂಬುದರ ಮೇಲೆ ಆಳ ನಿಲ್ಲುತ್ತದೆ. ಚರ್ಮವೂ ತನ್ನ ಪಾಲು ಕೇಳುತ್ತದೆ. ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ ಒತ್ತಿದ ಗುರುತನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು ಸ್ಪಂಜಿನ ಹಾಗೆ ಸ್ವಲ್ಪ ಹಿಂದಕ್ಕೆ ಉಬ್ಬುತ್ತದೆ. ಹಾಗಾಗಿ ಒಂದೇ ಡೈಯಿಂದ ಬಂದ ಎರಡು ಅಸಲಿ ಪರ್ಸುಗಳಲ್ಲೂ ಆಳ ಬೇರೆಬೇರೆ ಇರಬಹುದು. ಅಕ್ಷರಗಳ ನಡುವಿನ ಅಂತರ ಹಾಗಲ್ಲ. ಅದನ್ನು ಲೋಹದಲ್ಲೇ ಕೊರೆದಿರುತ್ತಾರೆ, ಒತ್ತುವವನ ಕೈ ಅದನ್ನು ಬದಲಾಯಿಸಲಾರದು.

ಮೊದಲು ನೆರಳನ್ನು ನೋಡೋಣ. ಅಚ್ಚಿನ ಆಳ 0.2 ಮಿಲಿಮೀಟರ್ ಎಂದುಕೊಳ್ಳಿ. ಬೆಳಕು ಚರ್ಮಕ್ಕೆ 45 ಡಿಗ್ರಿ ಕೋನದಲ್ಲಿ ಬಿದ್ದರೆ ನೆರಳಿನ ಉದ್ದವೂ 0.2 ಮಿಲಿಮೀಟರ್. ಅದೇ ದೀಪವನ್ನು 20 ಡಿಗ್ರಿಗೆ ಇಳಿಸಿದರೆ ನೆರಳು ಸುಮಾರು 0.55 ಮಿಲಿಮೀಟರ್‌ಗೆ ಚಾಚಿಕೊಳ್ಳಬೇಕು. ತೆಳು ಗೆರೆಯ ಅಕ್ಷರದಲ್ಲಿ ಅಷ್ಟು ಜಾಗವೇ ಇರುವುದಿಲ್ಲ, ಇಡೀ ಗೆರೆ ಕಪ್ಪಾಗಿ ಪಾತಾಳದಷ್ಟು ಆಳ ಕಾಣುತ್ತದೆ. ಪರ್ಸು ಅದೇ, ಬದಲಾದದ್ದು ದೀಪ. ಇದಕ್ಕೆ ಮದ್ದು ಸುಲಭ: ಪರ್ಸನ್ನೂ ಕ್ಯಾಮೆರಾವನ್ನೂ ಕದಲಿಸದೆ, ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ಬೆಳಕು ಬಿಟ್ಟು ಎರಡು ಫೋಟೋ ತೆಗೆಯಬೇಕು. ನಿಜವಾದ ತಗ್ಗಾದರೆ ನೆರಳು ಗೆರೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ದಾಟುತ್ತದೆ. ಕದಲದೆ ಉಳಿಯುವ ಕಪ್ಪು ನೆರಳಲ್ಲ, ಬಣ್ಣ ಅಥವಾ ಅತಿಯಾದ ಬಿಸಿಗೆ ಚರ್ಮ ಸುಟ್ಟ ಗುರುತು. (ಒಂದೇ ಫೋಟೋ ಇದ್ದಾಗ ಇನ್ನೊಂದು ಮೋಸವೂ ಉಂಟು. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಮಿದುಳು ನಂಬಿರುತ್ತದೆ. ಕೆಳಗಿನಿಂದ ಬೆಳಕು ಬಿದ್ದ ಚಿತ್ರದಲ್ಲಿ ತಗ್ಗು ಉಬ್ಬಿದಂತೆ ಕಂಡುಬಿಡುತ್ತದೆ.)

ಇನ್ನು ಅಂತರ. ಲೂಯಿ ವಿಟಾನ್ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ಓ ಅಕ್ಷರ ಅಲ್ಲಿ ಹೆಚ್ಚುಕಡಿಮೆ ಪೂರ್ತಿ ವೃತ್ತ, ಎರಡು ಟಿಗಳು ತೀರ ಹತ್ತಿರ. ಫೋಟೋದಲ್ಲಿ ಓ ಅಗಲ 61 ಪಿಕ್ಸೆಲ್, ಎತ್ತರ 72 ಪಿಕ್ಸೆಲ್ ಬಂತು ಎನ್ನೋಣ. ಅನುಪಾತ 0.85, ಅಂದರೆ ಮೊಟ್ಟೆಯಾಕಾರ. ನಕಲಿ ಎಂದು ತೀರ್ಪು ಕೊಡಲು ನಾಲಿಗೆ ತುರಿಸುತ್ತದೆ. ಆದರೆ ಕ್ಯಾಮೆರಾ ಪಕ್ಕಕ್ಕೆ ಸುಮಾರು 32 ಡಿಗ್ರಿ ವಾಲಿದ್ದರೆ ನಿಜವಾದ ವೃತ್ತವೂ ಹೀಗೇ ಕಾಣುತ್ತದೆ. ಯಾವುದು ನಿಜ ಎಂದು ಓ ಒಂದೇ ಹೇಳಲಾರದು. ಅಳೆಯಬೇಕಾದ ವಸ್ತುವನ್ನೇ ಅಳತೆಗೋಲು ಮಾಡಿಕೊಂಡ ಹಾಗಾಗುತ್ತದೆ.

ಇಲ್ಲಿ ಕೈಹಿಡಿಯುವುದು ಬ್ಯಾಂಕ್ ಕಾರ್ಡ್ ಅಳತೆಯ ಯಾವುದಾದರೂ ಕಾರ್ಡು. ಅದರ ಅಳತೆ 85.60 ಮತ್ತು 53.98 ಮಿಲಿಮೀಟರ್, ಉದ್ದ ಅಗಲದ 1.586 ಪಟ್ಟು. ಅಕ್ಷರಗಳ ಸಾಲಿಗೆ ಸಮಾಂತರವಾಗಿ, ಚರ್ಮದ ಮಟ್ಟಕ್ಕೇ ಇಟ್ಟ ಕಾರ್ಡು ಫೋಟೋದಲ್ಲಿ 1.35 ಪಟ್ಟು ಮಾತ್ರ ಕಂಡರೆ ಅದೂ 0.85ರಷ್ಟೇ ಕುಗ್ಗಿದೆ. ಹಾಗಾದರೆ ಓ ದುಂಡಗೇ ಇದೆ, ವಾಲಿದ್ದು ಫೋನು. ಕಾರ್ಡು ಸರಿಯಾಗಿ 1.59 ಬಂದು ಓ ಮಾತ್ರ ಮೊಟ್ಟೆಯಾಗಿದ್ದರೆ ಡೈಯ ಮೇಲೆ ಅನುಮಾನ ಪಡಬಹುದು. ಕಾರ್ಡಿಲ್ಲದ ಫೋಟೋವಾದರೆ ಒಂದೇ ಸಾಲಿನ ಎರಡು ಅಂತರಗಳನ್ನು ಒಂದಕ್ಕೊಂದು ಹೋಲಿಸುವುದು ಲೇಸು. ವಾಲಿದಾಗ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಅವುಗಳ ಅನುಪಾತ ಕೆಡುವುದಿಲ್ಲ. ಫೋನನ್ನು ಚರ್ಮಕ್ಕೆ ಮುತ್ತಿಡುವಷ್ಟು ಹತ್ತಿರ ಹಿಡಿದಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ, ಹತ್ತಿರದ ತುದಿ ದೊಡ್ಡದಾಗಿ ಕಾಣುತ್ತದಲ್ಲ.

ಇಷ್ಟೆಲ್ಲ ಲೆಕ್ಕಕ್ಕೆ ಪಿಕ್ಸೆಲ್ ಇರಬೇಕು. 25 ಮಿಲಿಮೀಟರ್ ಉದ್ದದ ಹೆಸರು 1600 ಪಿಕ್ಸೆಲ್ ಅಗಲದ ಚಿತ್ರದ ಐದನೇ ಒಂದು ಭಾಗವನ್ನಷ್ಟೇ ತುಂಬಿದರೆ, ಮಿಲಿಮೀಟರಿಗೆ ಸಿಗುವುದು 13 ಪಿಕ್ಸೆಲ್‌ಗೂ ಕಡಿಮೆ. 0.2 ಮಿಲಿಮೀಟರ್ ಅಂತರಕ್ಕೆ ಎರಡೂವರೆ ಪಿಕ್ಸೆಲ್. ಅಂಚನ್ನು ಗುರುತಿಸುವಾಗ ಒಂದೇ ಪಿಕ್ಸೆಲ್ ಆಚೀಚೆಯಾದರೂ ತಪ್ಪು ಶೇಕಡಾ 40ರಷ್ಟು. ಮೆಸೇಜಿಂಗ್ ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸಿದಾಗ ಆಗುವುದು ಇದೇ. ಸಾಲದ್ದಕ್ಕೆ ಫೋನು ಚಿತ್ರವನ್ನು ಚುರುಕುಗೊಳಿಸುವಾಗ ಕಪ್ಪು ಗೆರೆಯ ಸುತ್ತ ತೆಳು ಬಿಳಿ ಅಂಚೊಂದನ್ನು ತಾನೇ ಎಳೆಯುತ್ತದೆ. ಹೆಚ್ಚು ಒತ್ತಿದಾಗ ಚರ್ಮ ಉಬ್ಬಿ ಮೂಡುವ ದಿಂಡನ್ನೇ ಅದು ಹೋಲುತ್ತದೆ. ಆ ಬಿಳಿ ಅಂಚು ಹತ್ತಿರದ ಹೊಲಿಗೆಯ ದಾರದ ಸುತ್ತಲೂ ಕಂಡರೆ ಅದು ಫೋನಿನದೇ ಕೆಲಸ.

ಅಂತರ ಹೊಂದಲಿಲ್ಲವೆಂದರೆ ನಾನು ಅದೇ ಕಾಲದ, ಅದೇ ಮಾದರಿಯ ಅಸಲಿ ಪರ್ಸಿನ ಫೋಟೋ ಹುಡುಕುತ್ತೇನೆ, ಏಕೆಂದರೆ ಕಂಪನಿಗಳೂ ಡೈ ಬದಲಾಯಿಸುತ್ತವೆ. ಹೊಂದಿತೆಂದರೆ ಸುಮ್ಮನಿರುತ್ತೇನೆ. ಅಸಲಿ ಅಚ್ಚನ್ನೇ ಸ್ಕ್ಯಾನ್ ಮಾಡಿ ಡೈ ಕೊರೆಸಿದವನ ಪರ್ಸಿನಲ್ಲೂ ಅಂತರ ಹೊಂದಿಯೇ ಇರುತ್ತದೆ.